ವಾಟರ್ ಬಾತ್‌ನಲ್ಲಿ ಇಟ್ಟರೂ ಚೀಸ್‌ಕೇಕ್ ಬಿರುಕು ಬಿಟ್ಟಿತು, ಅದೂ ಓವನ್‌ನಿಂದ ಹೊರಗೆ ತೆಗೆದ ಮೇಲೆ. ಯಾಕೆ?

ಮೈಸೂರುಮಲ್ಲಿಗೆ · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಿನ್ನೆ ಮಗಳ ಹುಟ್ಟುಹಬ್ಬಕ್ಕೆ ಮೊದಲ ಸಲ ಬೇಕ್ ಮಾಡುವ ಚೀಸ್‌ಕೇಕ್ ಮಾಡಿದೆ. ಜೆಲಾಟಿನ್ ಹಾಕಿ ಫ್ರಿಜ್‌ನಲ್ಲಿ ಗಟ್ಟಿ ಮಾಡುವುದನ್ನು ಎಷ್ಟೋ ಸಲ ಮಾಡಿದ್ದೇನೆ. ಮೊಟ್ಟೆ ಹಾಕಿ ಬೇಯಿಸುವುದು ಇದೇ ಮೊದಲು.

20 ಸೆಂಟಿಮೀಟರಿನ ಸ್ಪ್ರಿಂಗ್‌ಫಾರ್ಮ್ ಟಿನ್. 600 ಗ್ರಾಂ ಕ್ರೀಮ್ ಚೀಸ್, 150 ಗ್ರಾಂ ಸಕ್ಕರೆ, 3 ಮೊಟ್ಟೆ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು 150 ಗ್ರಾಂ, ನಿಂಬೆ ಸಿಪ್ಪೆಯ ತುರಿ, ವೆನಿಲಾ. ತಳಕ್ಕೆ ಬಿಸ್ಕತ್ತಿನ ಪುಡಿ, ಬೆಣ್ಣೆ. ಟಿನ್ನಿಗೆ ಹೊರಗಿನಿಂದ ಎರಡು ಸುತ್ತು ಫಾಯಿಲ್ ಸುತ್ತಿ, ದೊಡ್ಡ ಟ್ರೇಯಲ್ಲಿಟ್ಟು, ಸುತ್ತ ಕುದಿಯುವ ನೀರು ಹಾಕಿದೆ. ನಮ್ಮದು 28 ಲೀಟರಿನ ಓಟಿಜಿ. 160 ಡಿಗ್ರಿ, ಮೇಲಿನ ರಾಡ್ ಕೆಳಗಿನ ರಾಡ್ ಎರಡೂ ಆನ್, 75 ನಿಮಿಷ.

ಹೊರಗೆ ತೆಗೆದಾಗ ಮೇಲ್ಭಾಗ ಕನ್ನಡಿಯ ಹಾಗೆ ಸಮ ಇತ್ತು, ಒಂದು ಗೆರೆ ಇರಲಿಲ್ಲ. ಊಟದ ಮೇಜಿನ ಮೇಲೆ ಇಟ್ಟೆ, ನೆಂಟರು ಬರುವ ಹೊತ್ತಾಯಿತೆಂದು ಫ್ಯಾನ್ ಹಾಕಿದೆ. ಸುಮಾರು 40 ನಿಮಿಷ ಬಿಟ್ಟು ಬಂದು ನೋಡಿದರೆ ಒಂದು ಅಂಚಿನ ಹತ್ತಿರದಿಂದ ನಡುವಿನವರೆಗೆ ಉದ್ದಕ್ಕೆ ಬಿರುಕು. ಕಿರುಬೆರಳು ಹೋಗುವಷ್ಟು ಅಗಲ. ಸ್ಟ್ರಾಬೆರಿ ಜೋಡಿಸಿ ಮುಚ್ಚಿದೆ, ಮಗಳಿಗೆ ಗೊತ್ತಾಗಲಿಲ್ಲ. ಆದರೆ ನನಗೆ ತುಂಬಾ ಬೇಜಾರಾಯಿತು. ನೀರಿನಲ್ಲಿ ಇಟ್ಟರೆ ಬಿರುಕು ಬಿಡುವುದಿಲ್ಲ ಅಂತ ಎಲ್ಲರೂ ಹೇಳುತ್ತಾರಲ್ಲ?

ಇನ್ನೊಂದು ವಿಷಯ. ಕತ್ತರಿಸಿದಾಗ ಬಿಸ್ಕತ್ತಿನ ತಳ ಒದ್ದೆ ಒದ್ದೆಯಾಗಿತ್ತು.

ಸಿಹಿಬುತ್ತಿ · ಭಾನುವಾರ ರಾತ್ರಿ 9:32

ನಾನು ಮನೆಯಲ್ಲೇ ಕೇಕ್ ಆರ್ಡರ್ ತಗೊಳ್ತೀನಿ, ತಿಂಗಳಿಗೆ ಐದಾರು ಚೀಸ್‌ಕೇಕ್ ಇರುತ್ತವೆ. ನಿಮ್ಮ ಸಮಸ್ಯೆ ಗಾಳಿ. ಮೊಟ್ಟೆ ಹಾಕಿದ ಮೇಲೆ ಬೀಟರ್‌ನಲ್ಲಿ ಜಾಸ್ತಿ ಹೊಡೆದಿರುತ್ತೀರಿ. ಒಳಗೆ ಸೇರಿದ ಗಾಳಿ ಬಿಸಿಗೆ ಉಬ್ಬುತ್ತದೆ, ಮೇಲ್ಭಾಗ ಬಿರಿಯುತ್ತದೆ. ಅಷ್ಟೇ. ಮೊಟ್ಟೆಯನ್ನು ಒಂದೊಂದಾಗಿ ಹಾಕಿ, ಕೈಯಲ್ಲೇ ಸ್ಪಾಟುಲಾದಿಂದ ಕಲಸಿ. ಮತ್ತೆ ಬೇಯುವಾಗ ಓವನ್ ಬಾಗಿಲು ತೆಗೆಯಲೇಬೇಡಿ. ನನ್ನದು ಒಂದೂ ಒಡೆದಿಲ್ಲ.

ಮೈಸೂರುಮಲ್ಲಿಗೆ · ಭಾನುವಾರ ರಾತ್ರಿ 9:40

ಬೀಟರ್ ಬಳಸಿದ್ದು ನಿಜ. ಚೀಸ್ ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಆಗಿತ್ತು ಅಷ್ಟೆ. ಗಂಟು ಒಡೆಯಲಿಲ್ಲ ಅಂತ ಸ್ವಲ್ಪ ಜಾಸ್ತಿ ಹೊತ್ತು ತಿರುಗಿಸಿದೆ.

ಒಲೆಮುಂದೆ · ಭಾನುವಾರ ರಾತ್ರಿ 10:25

ಮಲ್ಲಿಗೆ ಅವರೇ, ನಾನು ಬೆಂಗಳೂರಿನಲ್ಲಿ ಹೋಟೆಲ್ ಪೇಸ್ಟ್ರಿ ಕಿಚನ್‌ನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು. ಸಿಹಿಬುತ್ತಿ ಮೇಡಂ ಹೇಳಿದ್ದು ಸುಳ್ಳಲ್ಲ, ಗಾಳಿಯಿಂದಲೂ ಬಿರುಕು ಬರುತ್ತದೆ. ಆದರೆ ಆ ಬಿರುಕು ಓವನ್ ಒಳಗೇ ಬರುತ್ತದೆ. ಕೇಕ್ ಬನ್ನಿನ ಹಾಗೆ ಉಬ್ಬಿ, ಮೇಲಿನ ಪದರ ತಡೆಯಲಾರದೆ ಹರಿಯುತ್ತದೆ. ಆಮೇಲೆ ಕುಸಿಯುತ್ತದೆ. ನಿಮ್ಮದು ಉಬ್ಬಲಿಲ್ಲ, ಹೊರಗೆ ಬಂದಾಗ ಸಮ ಇತ್ತು. 40 ನಿಮಿಷ ಬಿಟ್ಟು ಹರಿಯಿತು. ಹಾಗಾಗಿ ಇದು ತಣ್ಣಗಾಗುವಾಗ ಬಂದ ಬಿರುಕು. ಅದರ ಕಾರಣ ಬೇರೆ.

ಬಿರುಕು ಯಾವಾಗ ಬಂತು ಅನ್ನುವುದನ್ನು ಮೊದಲು ನೋಡಬೇಕು. ಅದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ನಾಲ್ಕು ಪ್ರಶ್ನೆ ಇದೆ. ಅಂಚಿನ ತುಂಡು ತಿಂದಾಗ ನಾಲಿಗೆಗೆ ಹೇಗಿತ್ತು, ನಡುವಿನ ತುಂಡು ಹೇಗಿತ್ತು? ಓವನ್ ಆಫ್ ಮಾಡುವ ಮೊದಲು ಟಿನ್ ಅಲುಗಾಡಿಸಿ ನೋಡಿದಿರಾ, ನಡುವೆ ನಡುಗುತ್ತಿತ್ತಾ? ಹೊರಗೆ ತೆಗೆದ ಮೇಲೆ ಅಂಚಿನ ಸುತ್ತ ಚಾಕು ಆಡಿಸಿದಿರಾ? ಓವನ್ ಒಳಗೆ ಬೇರೆ ಥರ್ಮಾಮೀಟರ್ ಇತ್ತಾ?

ಮೈಸೂರುಮಲ್ಲಿಗೆ · ಭಾನುವಾರ ರಾತ್ರಿ 10:41

ಒಳ್ಳೆಯ ಪ್ರಶ್ನೆ ಕೇಳಿದಿರಿ ಸರ್. ಅಂಚಿನಿಂದ ಎರಡು ಬೆರಳು ಅಗಲದಷ್ಟು ಜಾಗದಲ್ಲಿ ರವೆ ರವೆಯ ಹಾಗೆ ಇತ್ತು, ಒಣಗಿದ ಪನೀರ್ ತಿಂದ ಹಾಗೆ. ನಡುವೆ ಮಾತ್ರ ನುಣ್ಣಗೆ ಇತ್ತು. ಅಲುಗಾಡಿಸಿ ನೋಡಿದೆ, ಎಲ್ಲೂ ನಡುಗಲಿಲ್ಲ, ಚೆನ್ನಾಗಿ ಬೆಂದಿದೆ ಅಂದುಕೊಂಡೆ. ಟೂತ್‌ಪಿಕ್ ಚುಚ್ಚಿದಾಗಲೂ ಶುಚಿಯಾಗಿ ಬಂತು. ಚಾಕು ಆಡಿಸಲಿಲ್ಲ. ಥರ್ಮಾಮೀಟರ್ ಇಲ್ಲ, ಓಟಿಜಿಯ ಗುಂಡಿಯಲ್ಲಿ ಬರೆದದ್ದನ್ನೇ ನಂಬಿದೆ.

ಒಲೆಮುಂದೆ · ಭಾನುವಾರ ರಾತ್ರಿ 11:20

ಹಾಗಾದರೆ ಜಾಸ್ತಿ ಬೆಂದಿದೆ. ಸ್ಪಾಂಜ್ ಕೇಕಿನ ಟೂತ್‌ಪಿಕ್ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಅದು ಶುಚಿಯಾಗಿ ಬರುವ ಹೊತ್ತಿಗೆ ಚೀಸ್‌ಕೇಕ್ ಮುಗಿದು ಹೋಗಿರುತ್ತದೆ.

ಚೀಸ್‌ಕೇಕ್ ಅಂದರೆ ಹೆಸರಿಗೆ ಕೇಕ್, ಒಳಗೆ ಕಸ್ಟರ್ಡ್. ಮೊಟ್ಟೆಯ ಪ್ರೋಟೀನ್ ಬಿಸಿಗೆ ಬಲೆಯ ಹಾಗೆ ಹೆಣೆದುಕೊಂಡು ಚೀಸ್ ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನಡುಭಾಗ 65 ಡಿಗ್ರಿ ಮುಟ್ಟಿದಾಗ ಆ ಬಲೆ ಸಾಕಷ್ಟು ಗಟ್ಟಿಯಾಗಿರುತ್ತದೆ. 75 ಹತ್ತಿರ ಹೋದರೆ ಬಲೆ ಬಿಗಿಯಾಗಿ ಮುದುಡಲು ಶುರು. ಬಟ್ಟೆ ಹಿಂಡಿದ ಹಾಗೆ ಒಳಗಿನ ನೀರನ್ನು ಹೊರಗೆ ತಳ್ಳುತ್ತದೆ. ನಿಮ್ಮ ಅಂಚಿನ ರವೆ ಅದೇ. ನಡು ಅಲುಗದಷ್ಟು ಗಟ್ಟಿಯಾಗಿದೆ ಅಂದರೆ ಅಂಚು ಆ ಗಡಿ ಯಾವತ್ತೋ ದಾಟಿದೆ ಅಂತ ಅರ್ಥ.

ಈಗ ಬಿರುಕಿನ ವಿಷಯ. ಬೆಂದ ಕೇಕ್ ತಣ್ಣಗಾಗುವಾಗ ಕುಗ್ಗುತ್ತದೆ. ಜಾಸ್ತಿ ಬೆಂದದ್ದು ಜಾಸ್ತಿ ಕುಗ್ಗುತ್ತದೆ. ನಿಮ್ಮ ಕೇಕಿನ ಅಂಚು ಟಿನ್ನಿನ ಗೋಡೆಗೆ ಅಂಟಿಕೊಂಡಿತ್ತು, ಚಾಕು ಆಡಿಸಿ ಬಿಡಿಸಿರಲಿಲ್ಲ. ಎಲ್ಲ ಕಡೆಯಿಂದ ಎಳೆತ, ಬಿಡುವ ಜಾಗವೇ ಇಲ್ಲ. ಮೇಲೆ ಫ್ಯಾನಿನ ಗಾಳಿಗೆ ಮೇಲ್ಭಾಗ ಬೇಗ ತಣ್ಣಗಾಯಿತು, ಒಳಗೆ ಇನ್ನೂ ಬಿಸಿ. ಮೇಲಿನ ಪದರ ಮಾತ್ರ ಕುಗ್ಗಲು ಹೋಯಿತು, ಒಳಗಿನದು ಬಿಡಲಿಲ್ಲ. ಹರಿಯಿತು.

ವಾಟರ್ ಬಾತ್ ಈ ಎಳೆತವನ್ನು ನಿಲ್ಲಿಸುವುದಿಲ್ಲ. ಅಂಚು ಬೇಗ ಬೇಯದ ಹಾಗೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಓವನ್ ಗಾಳಿ 160 ಇದ್ದರೂ ನೀರು 100 ದಾಟುವುದಿಲ್ಲ. ಅಷ್ಟೂ ಆಗುವುದಿಲ್ಲ, ಮೇಲಿನಿಂದ ಆವಿಯಾಗುತ್ತಾ ತಣ್ಣಗಾಗುತ್ತಿರುತ್ತದೆ. ನಾನು ಅಳೆದಾಗೆಲ್ಲ 80, 85 ಅಷ್ಟೆ ಇರುತ್ತಿತ್ತು. ಆದರೆ ನೀರು ಸುತ್ತ ಮತ್ತು ಕೆಳಗೆ ಮಾತ್ರ ಕಾಪಾಡುತ್ತದೆ. ಮೇಲಿನ ರಾಡ್ ನೇರವಾಗಿ ಕೇಕಿನ ತಲೆ ಮೇಲೆ ಇದೆಯಲ್ಲ, ಅದರ ಬಿಸಿಗೆ ನೀರು ಏನೂ ಮಾಡಲಾರದು.

ಮಲೆನಾಡಮ್ಮ · ಸೋಮವಾರ ಬೆಳಿಗ್ಗೆ 6:50

ನಮ್ಮ ಕಡೆ ಇದಕ್ಕೆ ಇಷ್ಟೆಲ್ಲ ಕಷ್ಟ ಯಾಕಮ್ಮ. ಇಡ್ಲಿ ಪಾತ್ರೆಯಲ್ಲಿ ನೀರು ಹಾಕಿ, ಟಿನ್ ಒಳಗಿಟ್ಟು, ಮುಚ್ಚಳ ಮುಚ್ಚಿ ಹಬೆಯಲ್ಲಿ ಬೇಯಿಸು. ನಾನು ಗಿಣ್ಣು ಹಾಗೇ ಮಾಡುವುದು. ಒಂದು ಬಿರುಕು ಬರುವುದಿಲ್ಲ. ಉರಿ ಮಾತ್ರ ಸಣ್ಣ ಇರಬೇಕು. ಜಾಸ್ತಿಯಾದರೆ ಗಿಣ್ಣು ತೂತು ತೂತಾಗಿ ನೀರು ಬಿಡುತ್ತದೆ, ಬಾಯಿಗೆ ರಬ್ಬರ್ ಹಾಗೆ ಸಿಗುತ್ತದೆ.

ಒಲೆಮುಂದೆ · ಸೋಮವಾರ ಬೆಳಿಗ್ಗೆ 8:05

ಅಮ್ಮಾ, ನೀವು ಹೇಳಿದ ಆ ತೂತು ತೂತು, ನೀರು ಬಿಡುವುದು, ಇವರ ಕೇಕಿನ ಅಂಚಿನಲ್ಲಿ ಆದದ್ದೂ ಅದೇ. ಅಲ್ಲಿ ಗಿಣ್ಣು ಹಾಲಿನ ಪ್ರೋಟೀನ್, ಇಲ್ಲಿ ಮೊಟ್ಟೆಯದು. ಉರಿ ಜಾಸ್ತಿ ಆದಾಗ ಎರಡೂ ಹಾಗೇ ಹಿಂಡಿಕೊಳ್ಳುತ್ತವೆ. ಗಿಣ್ಣು ಚೆನ್ನಾಗಿ ಮಾಡುವವರಿಗೆ ಚೀಸ್‌ಕೇಕ್ ಬೇಗ ಕೈಗೆ ಹತ್ತುತ್ತದೆ.

ಆದರೆ ಮುಚ್ಚಿದ ಪಾತ್ರೆಯ ಹಬೆ ಸುಮಾರು 100 ಡಿಗ್ರಿಗೆ ಹೋಗುತ್ತದೆ, ಮೇಲಿನಿಂದಲೂ ಅದೇ ಹಬೆ ಹೊಡೆಯುತ್ತದೆ. ಮುಚ್ಚಳದ ನೀರು ಕೇಕಿನ ಮೇಲೆ ತೊಟ್ಟಿಕ್ಕುತ್ತದೆ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಉರಿ ತೀರಾ ಸಣ್ಣದಿಟ್ಟು ಮಾಡಿದರೆ ಬರುತ್ತದೆ, ರುಚಿಯೂ ಚೆನ್ನಾಗಿರುತ್ತದೆ. ಮೇಲ್ಭಾಗಕ್ಕೆ ಆ ತಿಳಿ ಕಂದು ಬಣ್ಣ ಬರುವುದಿಲ್ಲ ಅಷ್ಟೆ.

ಮಲೆನಾಡಮ್ಮ · ಸೋಮವಾರ ಬೆಳಿಗ್ಗೆ 8:30

ಬಟ್ಟೆ ಕಟ್ಟುವುದು ಹೇಳಲು ಮರೆತೆ. ನಾವು ಕಟ್ಟಿಯೇ ಕಟ್ಟುತ್ತೇವೆ.

ಜರ್ಸಿಕನ್ನಡತಿ · ಸೋಮವಾರ ಸಂಜೆ 5:15

ನಾನು ನ್ಯೂಜೆರ್ಸಿಯಲ್ಲಿ ಇದ್ದೇನೆ. ಇಲ್ಲಿ ಚೀಸ್‌ಕೇಕ್ ಅಂದರೆ ನಮ್ಮ ಕಡೆ ಮೈಸೂರುಪಾಕ್ ಇದ್ದ ಹಾಗೆ, ಒಬ್ಬೊಬ್ಬರದು ಒಂದೊಂದು ವಾದ. ನಾನು ವಾಟರ್ ಬಾತ್ ಬಿಟ್ಟು ಮೂರು ವರ್ಷ ಆಯಿತು. ಓವನ್ 225 ಫ್ಯಾರನ್‌ಹೀಟ್‌ಗೆ ಇಡುತ್ತೇನೆ, ಅಂದರೆ ಸುಮಾರು 107 ಸೆಲ್ಸಿಯಸ್. 23 ಸೆಂಟಿಮೀಟರ್ ಟಿನ್ನಿಗೆ ಎರಡು ಗಂಟೆ, ಕೆಲವೊಮ್ಮೆ ಎರಡೂಕಾಲು. ನೀರಿಲ್ಲ, ಫಾಯಿಲ್ ಇಲ್ಲ, ತಳ ಒದ್ದೆಯಾಗುವ ಭಯ ಇಲ್ಲ. ಸುತ್ತಲಿನ ಗಾಳಿಯೇ ಅಷ್ಟು ತಣ್ಣಗಿದ್ದರೆ ನೀರು ಯಾಕೆ ಬೇಕು?

ಇಲ್ಲಿನ ಹಳೆಯ ನ್ಯೂಯಾರ್ಕ್ ಶೈಲಿಯಲ್ಲಿ ಮಾಡುವವರು ಇನ್ನೂ ಬೇರೆ. ಮೊದಲು ಹತ್ತು ಹದಿನೈದು ನಿಮಿಷ ತುಂಬಾ ಜೋರು ಬಿಸಿ, 500 ಫ್ಯಾರನ್‌ಹೀಟ್, ಮೇಲ್ಭಾಗ ಕೆಂಪಗಾದ ಮೇಲೆ 200ಕ್ಕೆ ಇಳಿಸಿ ನಿಧಾನಕ್ಕೆ ಬೇಯಿಸುತ್ತಾರೆ. ಅದರಲ್ಲೂ ನೀರಿಲ್ಲ.

ಸಿಹಿಬುತ್ತಿ · ಸೋಮವಾರ ಸಂಜೆ 5:50

ಅಕ್ಕಾ, ಅಲ್ಲಿಯ ಓವನ್‌ಗೆ ಇಲ್ಲಿಯ ಓಟಿಜಿಗೆ ಹೋಲಿಕೆ ಬೇಡ. ನಮ್ಮ ಓಟಿಜಿಯಲ್ಲಿ 107 ಅಂತ ಇಟ್ಟರೆ ಅದು 90ರಿಂದ 140ರವರೆಗೆ ಓಡಾಡುತ್ತದೆ. ಎಷ್ಟೋ ಓಟಿಜಿಗಳ ಗುಂಡಿಯಲ್ಲಿ 100ರ ಕೆಳಗೆ ಗುರುತೇ ಇರುವುದಿಲ್ಲ. ನಾನಂತೂ ನೀರು ಬಿಡುವುದಿಲ್ಲ.

ಒಲೆಮುಂದೆ ಅವರೇ, ಬಿರುಕು ಬಂದ ಹೊತ್ತು ನೋಡಬೇಕು ಅಂದಿರಲ್ಲ, ಅದನ್ನು ಒಪ್ಪುತ್ತೇನೆ. ನನಗೆ ಬಿರುಕು ಬರದೇ ಇರುವುದಕ್ಕೆ ಇನ್ನೊಂದು ಕಾರಣ ಇರಬಹುದು. ನಾನು ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಹಾಕುತ್ತೇನೆ.

ಒಲೆಮುಂದೆ · ಸೋಮವಾರ ರಾತ್ರಿ 9:45

ಕಾರ್ನ್‌ಫ್ಲೋರ್ ಖಂಡಿತ ಸಹಾಯ ಮಾಡುತ್ತದೆ ಮೇಡಂ. ಪಿಷ್ಟ ನಡುವೆ ಬಂದರೆ ಮೊಟ್ಟೆಯ ಬಲೆ ಅಷ್ಟು ಬಿಗಿಯಾಗಿ ಮುದುಡುವುದಿಲ್ಲ, ಹತ್ತು ನಿಮಿಷ ಜಾಸ್ತಿ ಬೆಂದರೂ ತಡೆದುಕೊಳ್ಳುತ್ತದೆ. 600 ಗ್ರಾಂ ಚೀಸ್‌ಗೆ ಒಂದು ದೊಡ್ಡ ಚಮಚ ಸಾಕು. ಎರಡು ಹಾಕಿದರೆ ನಾಲಿಗೆಗೆ ಹಿಟ್ಟು ಹಿಟ್ಟು ಅನ್ನಿಸುತ್ತದೆ.

ಜರ್ಸಿ ಮೇಡಂ ವಿಧಾನ ತಪ್ಪಲ್ಲ. ಬಿಸಿ ಸ್ಥಿರವಾಗಿರುವ ಓವನ್ ಇದ್ದರೆ ಅದು ಚೆನ್ನಾಗಿ ಬರುತ್ತದೆ. ಓಟಿಜಿಯಲ್ಲಿ ರಾಡ್ ಕೆಂಪಗಾಗಿ ಉರಿದು ಆರುತ್ತಾ ಇರುತ್ತದೆ, ಟಿನ್ನಿಗೂ ರಾಡಿಗೂ ನಡುವೆ ಒಂದು ಗೇಣು ಇರುವುದಿಲ್ಲ. ಅಂಥ ಕಡೆ ನೀರು ಆ ಏರಿಳಿತವನ್ನು ನುಂಗಿಕೊಳ್ಳುತ್ತದೆ. ನಮ್ಮ ಸಣ್ಣ ಓಟಿಜಿಗೆ ನೀರು ಬೇಕು ಅಂತಲೇ ನನ್ನ ಅಭಿಪ್ರಾಯ.

ಮಲ್ಲಿಗೆ ಅವರೇ, ಮತ್ತೆ ಮಾಡುವುದಾದರೆ ಹೀಗೆ ಮಾಡಿ ನೋಡಿ.

ಮೊದಲು ಓವನ್ ಒಳಗೆ ನೇತುಹಾಕುವ ಥರ್ಮಾಮೀಟರ್ ತನ್ನಿ, ಕೆಲವು ನೂರು ರೂಪಾಯಿ ಅಷ್ಟೆ. ಟಿನ್ ಇಡುವ ಎತ್ತರದಲ್ಲೇ ಇಟ್ಟು, ಖಾಲಿ ಓವನ್ ಅರ್ಧ ಗಂಟೆ ಬಿಸಿ ಮಾಡಿ, ಮುಳ್ಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ. ನಿಜವಾದ ಬಿಸಿ 150ರ ಆಸುಪಾಸು ಬರುವ ಹಾಗೆ ಗುಂಡಿ ತಿರುಗಿಸಿಕೊಳ್ಳಿ. ಕೆಳಗಿನ ರಾಡ್ ಮಾತ್ರ ಆನ್ ಇರಲಿ, ಫ್ಯಾನ್ ಇದ್ದರೆ ಆಫ್. ಕೆಳಗಿನ ರಾಡ್ ಒಂದೇ ಉರಿದಾಗ ಟ್ರೇ ತಳದ ನೀರು ಕುದಿಯಲು ಶುರುವಾಗುತ್ತದೆ, ಅದಕ್ಕೆ ಟ್ರೇಯಲ್ಲಿ ಒಂದು ಹತ್ತಿ ಬಟ್ಟೆ ಮಡಿಸಿ ಹಾಸಿ, ಅದರ ಮೇಲೆ ಟಿನ್ ಇಡಿ. ಬಟ್ಟೆ ಪೂರ್ತಿ ನೀರಿನ ಒಳಗಿರಬೇಕು, ತುದಿ ಹೊರಗೆ ಇಣುಕಬಾರದು.

ತಳ ಒದ್ದೆಯಾದದ್ದಕ್ಕೆ ಎರಡು ಕಾರಣ ಇರುತ್ತದೆ. ಫಾಯಿಲ್‌ನಲ್ಲಿ ಉಗುರು ತಾಗಿದ ಸಣ್ಣ ತೂತು ಸಾಕು. ತೂತಿಲ್ಲದಿದ್ದರೂ ಹಬೆ ಫಾಯಿಲ್ ಒಳಗೆ ಸೇರಿ, ಟಿನ್ನಿಗೂ ಫಾಯಿಲ್ಲಿಗೂ ನಡುವೆ ನೀರಾಗಿ ನಿಲ್ಲುತ್ತದೆ. ಫಾಯಿಲ್ ಬಿಟ್ಟುಬಿಡಿ. ಸ್ಪ್ರಿಂಗ್‌ಫಾರ್ಮ್ ಟಿನ್ನನ್ನು ಅದಕ್ಕಿಂತ ಸ್ವಲ್ಪ ದೊಡ್ಡ ಮಾಮೂಲಿ ಕೇಕ್ ಟಿನ್ನಿನ ಒಳಗೆ ಕೂರಿಸಿ, ಆ ಜೋಡಿಯನ್ನು ನೀರಿನಲ್ಲಿ ಇಡಿ. ಒಳಗೆ ನೀರು ಬರಲು ದಾರಿಯೇ ಇಲ್ಲ. 20 ಸೆಂಟಿಮೀಟರ್ ಸ್ಪ್ರಿಂಗ್‌ಫಾರ್ಮ್ ತಳದ ಅಂಚು ಹೊರಗೆ ಚಾಚಿರುತ್ತದೆ, ಆದ್ದರಿಂದ 23ರ ಟಿನ್ ಬೇಕು, 22 ಹಿಡಿಸುವುದು ಕಷ್ಟ. ನಡುವೆ ಗಾಳಿ ಇರುವುದರಿಂದ ಬೇಯಲು ಹತ್ತು ಹದಿನೈದು ನಿಮಿಷ ಜಾಸ್ತಿ ಹಿಡಿಯುತ್ತದೆ.

ಚೀಸ್, ಮೊಟ್ಟೆ, ಮೊಸರು ಎಲ್ಲ ಎರಡು ಗಂಟೆ ಹೊರಗಿರಲಿ. ತಣ್ಣಗಿನ ಚೀಸ್ ಗಂಟು ಕಟ್ಟುತ್ತದೆ, ಗಂಟು ಬಿಡಿಸಲು ಹೋಗಿ ನಾವು ಗಾಳಿ ತುಂಬುತ್ತೇವೆ. ಅಲ್ಲಿ ಸಿಹಿಬುತ್ತಿ ಮೇಡಂ ಮಾತು ಪೂರ್ತಿ ಸರಿ.

ಬರಿಸಸ್ಯ · ಸೋಮವಾರ ರಾತ್ರಿ 10:10

ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ. ನಾನು ಕಂಡೆನ್ಸ್‌ಡ್ ಮಿಲ್ಕ್, ಬಸಿದ ಮೊಸರು, ಕ್ರೀಮ್ ಚೀಸ್, ಕಾರ್ನ್‌ಫ್ಲೋರ್ ಹಾಕಿ ಮಾಡುತ್ತೇನೆ. ನೀವು ಹೇಳಿದ 65 ಡಿಗ್ರಿಗೆ ತೆಗೆದರೆ ನನ್ನದು ಪಾಯಸದ ಹಾಗೆ ಹರಿಯುತ್ತದೆ. ಹೋದ ವಾರ ಹಾಗೇ ಆಯಿತು, ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೂ ಕತ್ತರಿಸಲು ಬರಲಿಲ್ಲ. ನನ್ನ ಥರ್ಮಾಮೀಟರ್ ಕೆಟ್ಟಿದೆಯಾ?

ಒಲೆಮುಂದೆ · ಸೋಮವಾರ ರಾತ್ರಿ 10:32

ಥರ್ಮಾಮೀಟರ್ ಸರಿಯಿದೆ. 65ರ ಲೆಕ್ಕ ಮೊಟ್ಟೆಗೆ ಮಾತ್ರ. ನಿಮ್ಮದನ್ನು ಗಟ್ಟಿ ಮಾಡುವ ಕೆಲಸ ಹೆಚ್ಚಾಗಿ ಕಾರ್ನ್‌ಫ್ಲೋರಿನದು, ಅದು ಪೂರ್ತಿ ದಪ್ಪವಾಗಲು 85, 90 ಡಿಗ್ರಿ ಬೇಕು. ಗಂಜಿ ಕುದಿ ಬರುವವರೆಗೆ ದಪ್ಪ ಆಗುವುದಿಲ್ಲವಲ್ಲ, ಹಾಗೆ. ಕಾರ್ನ್‌ಫ್ಲೋರನ್ನು ಸ್ವಲ್ಪ ಹಾಲಿನಲ್ಲಿ ಮೊದಲೇ ಒಲೆಯ ಮೇಲೆ ದಪ್ಪಗೆ ಕಾಯಿಸಿ, ತಣಿಸಿ, ಆಮೇಲೆ ಚೀಸ್‌ಗೆ ಸೇರಿಸಿ ನೋಡಿ. ಓವನ್‌ನಲ್ಲಿ ಅಷ್ಟು ಬಿಸಿಗೆ ಕಾಯಬೇಕಾಗಿಲ್ಲ.

ಬರಿಸಸ್ಯ · ಸೋಮವಾರ ರಾತ್ರಿ 10:40

ಈ ದಾರಿ ಹೊಳೆದಿರಲಿಲ್ಲ. ಮಾಡಿ ಹೇಳುತ್ತೇನೆ.

ಲೆಕ್ಕದಹುಡುಗ · ಮಂಗಳವಾರ ಬೆಳಿಗ್ಗೆ 7:20

ಒಂದು ಅನುಮಾನ. ಟ್ರೇಯಲ್ಲಿ ನೀರಿಟ್ಟು ಕೇಕನ್ನು ಅದರ ಒಳಗೆ ಇಡದೆ, ನೀರಿನ ಟ್ರೇ ಕೆಳಗಿನ ಅಟ್ಟಕ್ಕೆ, ಕೇಕ್ ಮೇಲಿನ ಅಟ್ಟಕ್ಕೆ ಇಟ್ಟರೆ ಆಗುವುದಿಲ್ಲವೇ? ಹಬೆ ಇದ್ದೇ ಇರುತ್ತದೆ, ಸೋರುವ ಗಲಾಟೆ ಇಲ್ಲ.

ಜರ್ಸಿಕನ್ನಡತಿ · ಮಂಗಳವಾರ ಬೆಳಿಗ್ಗೆ 8:00

ನಾನು ಒಂದು ಕಾಲದಲ್ಲಿ ಹಾಗೆ ಮಾಡುತ್ತಿದ್ದೆ. ಮೇಲ್ಭಾಗ ಒಣಗುವುದಿಲ್ಲ, ಅದು ನಿಜ. ಆದರೆ ಟಿನ್ನಿನ ಗೋಡೆಗೆ ಓವನ್‌ನ ಬಿಸಿ ಗಾಳಿಯೇ ತಾಗುತ್ತದೆ, ಆದ್ದರಿಂದ ಅಂಚು ಬೇಗ ಬೇಯುವುದು ತಪ್ಪುವುದಿಲ್ಲ. 325 ಫ್ಯಾರನ್‌ಹೀಟ್‌ನಲ್ಲಿ ಮಾಡಿದಾಗ ಅಂಚು ನಡುವಿಗಿಂತ ಒಂದು ಬೆರಳು ಎತ್ತರ ಬಂದು ನಿಂತಿತ್ತು.

ಒಲೆಮುಂದೆ · ಮಂಗಳವಾರ ಮಧ್ಯಾಹ್ನ 1:15

ಸರಿಯಾಗಿ ಹೇಳಿದಿರಿ. ಕೆಳಗಿನ ಅಟ್ಟದ ನೀರು ಓಟಿಜಿಯಲ್ಲಿ ಇನ್ನೊಂದು ಉಪಕಾರ ಮಾಡುತ್ತದೆ, ಕೆಳಗಿನ ರಾಡಿನ ನೇರ ಬಿಸಿಗೆ ಅಡ್ಡ ನಿಲ್ಲುತ್ತದೆ. ಆದರೆ 28 ಲೀಟರಿನಲ್ಲಿ ಎರಡು ಅಟ್ಟ ಹಾಕಿದರೆ ಕೇಕ್ ಮೇಲಿನ ರಾಡಿನ ಹತ್ತಿರ ಹೋಗಿಬಿಡುತ್ತದೆ.

ತಣಿಸುವ ವಿಷಯ ನಿನ್ನೆ ಬರೆಯಲಿಲ್ಲ, ಈಗ ಬರೆಯುತ್ತೇನೆ. ಮಲ್ಲಿಗೆ ಅವರ ಕೇಕ್ ಕೆಟ್ಟದ್ದು ಅಲ್ಲೇ.

ಟಿನ್ನನ್ನು ಮೆಲ್ಲಗೆ ತಟ್ಟಿದಾಗ ಅಂಚಿನ ಸುತ್ತ ಗಟ್ಟಿಯಾಗಿ, ಒಂದಿಷ್ಟು ಉಬ್ಬಿದ ಹಾಗೆ ಕಾಣಬೇಕು. ನಡುವೆ ಐದಾರು ಸೆಂಟಿಮೀಟರ್ ಅಗಲದ ಜಾಗ ಮಾತ್ರ ನಡುಗಬೇಕು. ಆ ನಡುಕ ಹೇಗಿರಬೇಕು ಅಂದರೆ ಗಟ್ಟಿ ಮೊಸರಿನ ಕುಡಿಕೆ ಅಲುಗಾಡಿಸಿದ ಹಾಗೆ, ಎಲ್ಲ ಒಟ್ಟಿಗೆ ತೂಗಬೇಕು. ನೀರಿನ ಹಾಗೆ ಅಲೆ ಅಲೆಯಾಗಿ ಓಡಿದರೆ ಇನ್ನೂ ಬೆಂದಿಲ್ಲ. ಆ ಹೊತ್ತಿಗೆ ಆಫ್ ಮಾಡಿ. ಒಳಗಿನ ಬಿಸಿಗೆ ನಡುಭಾಗ ಇನ್ನೂ ಮೂರು ನಾಲ್ಕು ಡಿಗ್ರಿ ಏರುತ್ತದೆ, ತಾನಾಗಿಯೇ ಬೇಯುತ್ತದೆ.

ಆಫ್ ಮಾಡಿ ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ, ಎರಡು ಬೆರಳು ತೆರೆದಿರಲಿ. ಒಂದು ಗಂಟೆ ಹಾಗೇ. ಪೂರ್ತಿ ಮುಚ್ಚಿಟ್ಟರೆ ಓಟಿಜಿ ಒಳಗಿನ ಬಿಸಿ ಬೇಗ ಇಳಿಯುವುದಿಲ್ಲ, ಕೇಕ್ ಬೇಯುತ್ತಲೇ ಇರುತ್ತದೆ. ಆಮೇಲೆ ನೀರಿನಿಂದ ಎತ್ತಿ, ತೆಳ್ಳಗಿನ ಚಾಕು ಒದ್ದೆ ಮಾಡಿ ಅಂಚಿನ ಸುತ್ತ ಒಂದು ಸುತ್ತು ಆಡಿಸಿ. ಟಿನ್ ಕ್ಲಿಪ್ ಬಿಚ್ಚಬೇಡಿ. ಫ್ಯಾನ್ ಇಲ್ಲದ ಕಡೆ ಇನ್ನೊಂದು ಒಂದೂವರೆ ಗಂಟೆ. ಕೈಗೆ ಬಿಸಿ ಅನ್ನಿಸದ ಮೇಲೆ ಫ್ರಿಜ್. ಒಂದು ರಾತ್ರಿ.

ಸಿಹಿಬುತ್ತಿ · ಮಂಗಳವಾರ ಮಧ್ಯಾಹ್ನ 2:05

ಚಾಕು ಆಡಿಸುವುದಕ್ಕೆ ಒಂದು ಗಂಟೆ ಕಾಯುವುದನ್ನು ನಾನು ಒಪ್ಪುವುದಿಲ್ಲ. ಕುಗ್ಗುವುದು ಆಫ್ ಮಾಡಿದ ಕೂಡಲೇ ಶುರುವಾಗುತ್ತದೆ. ನಾನು ಆಫ್ ಮಾಡಿ ಹತ್ತೇ ನಿಮಿಷಕ್ಕೆ ಬಾಗಿಲು ತೆಗೆದು ಚಾಕು ಆಡಿಸಿ, ಮತ್ತೆ ಬಾಗಿಲು ಸ್ವಲ್ಪ ತೆರೆದಿಡುತ್ತೇನೆ.

ಒಲೆಮುಂದೆ · ಮಂಗಳವಾರ ಮಧ್ಯಾಹ್ನ 2:20

ಅದೂ ಆಗುತ್ತದೆ. ಬಿಸಿ ಇದ್ದಾಗ ಅಂಚು ಮೆತ್ತಗಿರುತ್ತದೆ, ಕೈ ಅಲುಗಿದರೆ ಗಾಯ ಆಗುತ್ತದೆ, ಆ ಗಾಯದಿಂದಲೇ ಬಿರುಕು ಹೊರಡುವುದನ್ನು ನೋಡಿದ್ದೇನೆ. ಅದಕ್ಕೆ ನಾನು ಕಾಯುತ್ತೇನೆ. ಟಿನ್ನಿನ ಗೋಡೆಗೆ ಮೊದಲೇ ಬೆಣ್ಣೆ ಸವರಿದ್ದರೆ ಬಹಳ ಸಲ ತಾನಾಗಿಯೇ ಬಿಟ್ಟುಕೊಳ್ಳುತ್ತದೆ.

ಸಿಹಿಬುತ್ತಿ · ಮಂಗಳವಾರ ಮಧ್ಯಾಹ್ನ 2:26

ಬೆಣ್ಣೆ ನಾನೂ ಸವರುತ್ತೇನೆ. ಆದರೂ ಹತ್ತು ನಿಮಿಷವೇ ಸರಿ ಅಂತ ನನಗೆ ಅನ್ನಿಸುತ್ತದೆ.

ಮೈಸೂರುಮಲ್ಲಿಗೆ · ಭಾನುವಾರ ರಾತ್ರಿ 8:30

ಒಂದು ವಾರ ಆಯಿತು. ಮತ್ತೆ ಮಾಡಿದೆ, ಎಲ್ಲ ಬರೆದಿಟ್ಟುಕೊಂಡಿದ್ದೇನೆ, ಹೇಳುತ್ತೇನೆ.

ಥರ್ಮಾಮೀಟರ್ ನೇತುಹಾಕಿ ನೋಡಿದಾಗ ಗಾಬರಿಯಾಯಿತು. ಗುಂಡಿ 160ರಲ್ಲಿದ್ದರೆ ಮುಳ್ಳು 190ರವರೆಗೆ ಹೋಗಿ 165ಕ್ಕೆ ಇಳಿದು ಮತ್ತೆ ಏರುತ್ತಿತ್ತು. ಹೋದ ಸಲ ನನ್ನ ಕೇಕ್ 160ರಲ್ಲಿ ಬೇಯಲೇ ಇಲ್ಲ, 180ರ ಹತ್ತಿರ ಬೆಂದಿದೆ. ಗುಂಡಿ 130ಕ್ಕೆ ಇಳಿಸಿದಾಗ ಮುಳ್ಳು 140ಕ್ಕೂ 160ಕ್ಕೂ ನಡುವೆ ಆಡಿತು. ಅಲ್ಲೇ ಬಿಟ್ಟೆ, ಕೆಳಗಿನ ರಾಡ್ ಮಾತ್ರ.

ಅಳತೆ ಹಳೆಯದೇ, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಸೇರಿಸಿದೆ. ಚೀಸ್ ಎರಡು ಗಂಟೆ ಹೊರಗಿತ್ತು, ಸ್ಪಾಟುಲಾಗೇ ನುಣ್ಣಗಾಯಿತು, ಬೀಟರ್ ಬೇಕಾಗಲಿಲ್ಲ. ಟಿನ್ನಿಗೆ ಸುರಿದ ಮೇಲೆ ಕಟ್ಟೆಗೆ ನಾಲ್ಕು ಸಲ ಕುಟ್ಟಿ, ಮೇಲೆ ಬಂದ ಗುಳ್ಳೆಗಳನ್ನು ಟೂತ್‌ಪಿಕ್‌ನಿಂದ ಒಡೆದೆ.

ಒಂದು ವಿಷಯ ಯಾರೂ ಹೇಳಿರಲಿಲ್ಲ. 23ರ ಟಿನ್ ಒಳಗೆ ಕೂರಿಸಿ, ನೀರು ಆವಿಯಾಗಿ ಹೋದೀತೆಂದು ಟ್ರೇಗೆ ಸುಮಾರು ಐದು ಸೆಂಟಿಮೀಟರ್ ಎತ್ತರ ಬಿಸಿನೀರು ಹಾಕಿದೆ. ಟಿನ್ ಒಂದು ಪಕ್ಕ ಎದ್ದು ತೇಲಲು ಶುರುವಾಯಿತು! ಕೇಕ್ ಓರೆಯಾಗಿ ಹೋಯಿತು. ಗಡಿಬಿಡಿಯಲ್ಲಿ ಸೌಟಿನಿಂದ ನೀರು ತೆಗೆದೆ. ಮೂರು ಸೆಂಟಿಮೀಟರಿಗೆ ಇಳಿದಾಗ ಮತ್ತೆ ಸಮ ಕೂತಿತು.

70 ನಿಮಿಷಕ್ಕೆ ಅಲುಗಾಡಿಸಿದಾಗ ಅರ್ಧಕ್ಕರ್ಧ ಅಲೆ ಓಡಿತು. 80ಕ್ಕೆ ಸ್ವಲ್ಪ ಕಡಿಮೆ. 88 ನಿಮಿಷಕ್ಕೆ ನೀವು ಹೇಳಿದ ಮೊಸರಿನ ಕುಡಿಕೆಯ ನಡುಕ ಬಂತು. ಅಣ್ಣನ ಮನೆಯಿಂದ ಚುಚ್ಚುವ ಥರ್ಮಾಮೀಟರ್ ತಂದಿದ್ದೆ, ನಡುವಿನಲ್ಲಿ 66 ತೋರಿಸಿತು. ಆಫ್ ಮಾಡಿ ಸೌಟು ಸಿಕ್ಕಿಸಿದೆ. ಒಂದು ಗಂಟೆಯ ನಂತರ ಚಾಕು ಆಡಿಸಿದೆ, ಅಂಚು ಸುಲಭವಾಗಿ ಬಿಟ್ಟಿತು. ಅಡುಗೆಮನೆಯ ಮೂಲೆಯಲ್ಲಿ ಫ್ಯಾನ್ ಇಲ್ಲದೆ ಇಟ್ಟೆ, ಆಮೇಲೆ ಫ್ರಿಜ್.

ಬೆಳಿಗ್ಗೆ ನೋಡಿದೆ. ಬಿರುಕು ಇಲ್ಲ. ಅಂಚಿನಿಂದ ನಡುವಿನವರೆಗೆ ಒಂದೇ ಹದ. ತಳ ಒಣಗಿತ್ತು, ಕತ್ತರಿಸುವಾಗ ಕರುಕುರು ಸದ್ದು ಬಂತು, ಆ ಸದ್ದು ಕೇಳಿ ಎಷ್ಟು ಖುಷಿಯಾಯಿತು ಅಂದರೆ ಹೇಳಲಾರೆ.

ಎರಡು ಸಣ್ಣ ಕೊರತೆ ಇದೆ. ಥರ್ಮಾಮೀಟರ್ ಚುಚ್ಚಿದ ತೂತಿನಿಂದ ಕೂದಲೆಳೆಯಷ್ಟು ಗೆರೆ ಹೊರಟಿದೆ, ಒಂದು ಸೆಂಟಿಮೀಟರ್ ಅಷ್ಟೆ. ಮತ್ತೆ ಮೇಲೆ ಅಲ್ಲಲ್ಲಿ ನೀರಿನ ಹನಿ ನಿಂತು ಕಲೆಯಾಗಿತ್ತು.

ಒಲೆಮುಂದೆ · ಭಾನುವಾರ ರಾತ್ರಿ 9:05

ಬಹಳ ಸಂತೋಷವಾಯಿತು ಮಲ್ಲಿಗೆ ಅವರೇ. ತೇಲುವ ವಿಷಯ ನಾನು ಮೊದಲೇ ಹೇಳಬೇಕಿತ್ತು. ಹಿಟ್ಟಿನ ಎತ್ತರದ ಅರ್ಧಕ್ಕಿಂತ ಸ್ವಲ್ಪ ಮೇಲೆ ನೀರು ಬಂದರೆ ಸಾಕು. ಒಂದೂವರೆ ಗಂಟೆಯಲ್ಲಿ ಅಷ್ಟೂ ಆವಿಯಾಗುವುದಿಲ್ಲ, ಕಡಿಮೆ ಅನ್ನಿಸಿದರೆ ನಡುವೆ ಒಂದು ಲೋಟ ಬಿಸಿನೀರು ಹಾಕಬಹುದು.

ಈಗ ನಿಮಗೆ ನಡುಕ ಹೇಗಿರುತ್ತದೆ ಗೊತ್ತಾಗಿದೆ, ಇನ್ನು ಚುಚ್ಚಬೇಡಿ. ಚುಚ್ಚಲೇಬೇಕಾದರೆ ಹಣ್ಣು ಬರುವ ಜಾಗದಲ್ಲಿ ಒಂದೇ ಸಲ. ನೀರಿನ ಹನಿ ಬಂದದ್ದು ಫ್ರಿಜ್‌ಗೆ ಇಡುವಾಗ ಸ್ವಲ್ಪ ಬಿಸಿ ಉಳಿದಿದ್ದರಿಂದ. ಟಿನ್ನಿನ ಮೇಲೆ ಒಣ ಬಟ್ಟೆ ಎಳೆದು ಹಾಸಿ, ಅದರ ಮೇಲೆ ತಟ್ಟೆ ಮುಚ್ಚಿ. ಮಲೆನಾಡಮ್ಮ ಹೇಳಿದ ಗಿಣ್ಣಿನ ಬಟ್ಟೆಯೇ.

ಜರ್ಸಿಕನ್ನಡತಿ · ಭಾನುವಾರ ರಾತ್ರಿ 9:40

ಅಭಿನಂದನೆ ಮಲ್ಲಿಗೆ. ಆದರೆ ನೋಡಿ, ನೀವು ಒಂದೇ ಸಲ ಎಲ್ಲ ಬದಲಿಸಿದಿರಿ. ಬಿಸಿ 30 ಡಿಗ್ರಿ ಇಳಿಸಿದಿರಿ, ಮೇಲಿನ ರಾಡ್ ಆಫ್, ಕಾರ್ನ್‌ಫ್ಲೋರ್ ಬಂತು, ಫ್ಯಾನ್ ಹೋಯಿತು, ಚಾಕು ಬಂತು. ನೀರು ಮಾತ್ರ ಎರಡೂ ಸಲ ಇತ್ತು. ನೀರಿದ್ದಾಗಲೂ ಮೊದಲ ಸಲ ಒಡೆದಿದೆ. ಇದರಲ್ಲಿ ನಿಜವಾಗಿ ಯಾವುದು ಕೆಲಸ ಮಾಡಿತು ಅಂತ ಹೇಳುವುದು ಹೇಗೆ? ಇಷ್ಟೇ ಜಾಗ್ರತೆಯಲ್ಲಿ ನೀರಿಲ್ಲದೆ ಮಾಡಿದ್ದರೂ ಬರುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಒಲೆಮುಂದೆ · ಭಾನುವಾರ ರಾತ್ರಿ 10:00

ಬಿರುಕಿನ ಮಟ್ಟಿಗೆ ನಿಮ್ಮ ಮಾತು ನಿಜ ಇರಬಹುದು. ಕಡಿಮೆ ಬಿಸಿ, ಸಮಯಕ್ಕೆ ಆಫ್ ಮಾಡುವುದು, ನಿಧಾನಕ್ಕೆ ತಣಿಸುವುದು, ಬಿರುಕಿಗೆ ಈ ಮೂರೇ ಮುಖ್ಯ. ಅಂಚು ನಡುವಿನ ಹದಕ್ಕೇ ಬಂತಲ್ಲ, ಅದನ್ನು ಮಾತ್ರ ನಾನು ನೀರಿನ ಲೆಕ್ಕಕ್ಕೆ ಹಾಕುತ್ತೇನೆ.

ಮೈಸೂರುಮಲ್ಲಿಗೆ · ಭಾನುವಾರ ರಾತ್ರಿ 10:12

ಮುಂದಿನ ತಿಂಗಳು ಅಪ್ಪ ಅಮ್ಮನ ಮದುವೆ ವಾರ್ಷಿಕೋತ್ಸವ ಇದೆ. ಅದಕ್ಕೆ ಮೊದಲು ಒಂದು ಸಲ ನೀರಿಲ್ಲದೆ ಮಾಡುತ್ತೇನೆ, ಬೇರೆ ಏನನ್ನೂ ಬದಲಿಸುವುದಿಲ್ಲ. ಅಂಚಿನ ತುಂಡು ಮೊದಲು ತಿಂದು ಇಲ್ಲೇ ಬರೆಯುತ್ತೇನೆ.

ಬರಿಸಸ್ಯ · ಭಾನುವಾರ ರಾತ್ರಿ 10:30

ನನ್ನದೂ ಒಂದು ಸುದ್ದಿ. ಕಾರ್ನ್‌ಫ್ಲೋರ್ ಹಾಲಿನಲ್ಲಿ ಮೊದಲೇ ಕಾಯಿಸಿ ಹಾಕಿದೆ, ಈ ಸಲ ತುಂಡು ನೆಟ್ಟಗೆ ನಿಂತಿತು. ಬಿರುಕಿಲ್ಲ. ಆದರೆ ಫ್ರಿಜ್‌ನಲ್ಲಿ ಎರಡನೇ ದಿನಕ್ಕೆ ತಳದ ಹತ್ತಿರ ನೀರು ಬಿಡುತ್ತಿದೆ. ಮೊಸರನ್ನು ನಾಲ್ಕು ಗಂಟೆ ಮಾತ್ರ ಕಟ್ಟಿದ್ದೆ, ಒಂದು ರಾತ್ರಿ ಪೂರ್ತಿ ಕಟ್ಟಬೇಕಿತ್ತಾ?

ಮಲೆನಾಡಮ್ಮ · ಸೋಮವಾರ ಬೆಳಿಗ್ಗೆ 6:35

ಒಂದು ರಾತ್ರಿ ಕಟ್ಟಮ್ಮ, ಫ್ರಿಜ್ ಒಳಗೇ ಕಟ್ಟು, ಹೊರಗೆ ಬಿಟ್ಟರೆ ಹುಳಿ ಜಾಸ್ತಿಯಾಗುತ್ತದೆ. ಬೆಳಿಗ್ಗೆ ಬಟ್ಟೆ ಬಿಚ್ಚಿದಾಗ ಮೊಸರು ಚಮಚದಿಂದ ಬೀಳಬಾರದು, ಕೊಡವಿದರೆ ಮಾತ್ರ ಬೀಳಬೇಕು.